ಆರ್ಡರಿಲ್ಲದ ಬಟ್ಟೆ

ಕೃಷ್ಣರಾಜಪೇಟೆಯ ಜವಳಿ ಅಂಗಡಿಗೆ ನಾನು ಗುಮಾಸ್ತನಾಗಿ ಸೇರಿದ ದಿನ, ಹಳೆಯ ಗುಮಾಸ್ತರು ನನಗೆಂದು ಎರಡು ಹಾಳೆ ಬರೆದುಕೊಟ್ಟು ಹೊರಟರು. ಅವರ ಕ್ಷಯದ ಕೆಮ್ಮಿಗೆ ಗಿರಾಕಿಗಳು ಹೆದರುತ್ತಾರೆಂದು ಸಾಹುಕಾರರೇ ಅವರನ್ನು ಬಿಡಿಸಿದ್ದರು.

ಹಾಳೆಯಲ್ಲಿದ್ದುದು ಇಷ್ಟು: ಬೂಕನಕೆರೆಯ ಗಾಡಿಯವನು ಊರವರಿಂದ ತಂದ ಚೀಟಿಯನ್ನು ಮೊದಲು ಆರ್ಡರು ಪುಸ್ತಕಕ್ಕೆ ಏರಿಸಿ, ಕೇಳಿದವರ ಹೆಸರು ಬರೆದು ನಂಬರು ಕೊಡಬೇಕು. ಬಟ್ಟೆ ಅಳೆದ ಮೇಲೆಯೇ ಬಿಲ್ಲು. ಅದರಲ್ಲಿ ಆರ್ಡರಿನ ನಂಬರು ಇರಲೇಬೇಕು. ಒಂದು ಪ್ರತಿ ಗಾಡಿಗೆ, ಕಾರ್ಬನ್ ಪ್ರತಿ ಅಂಗಡಿಗೆ. ಕೊನೆಯಲ್ಲಿ ಹೀಗಿತ್ತು: ‘ಹೆಣಕ್ಕೆ ಹೊದಿಸುವ ಬಟ್ಟೆಗೆ ಆರ್ಡರೂ ಬೇಡ, ಬಿಲ್ಲೂ ಬೇಡ. ಹರಿದು ಕೊಡಿ. ತಿಥಿ ಕಳೆದ ಮೇಲೆ ಅವರೇ ದುಡ್ಡು ತರುತ್ತಾರೆ.’

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಹಳೆಯ ಗುಮಾಸ್ತರ ತಮ್ಮ ಬಂದು, ಸೂತಕದವನಂತೆ ಒಳಬಾರದೆ ಬಾಗಿಲಾಚೆ ನಿಂತ. ನಾನು ಬಿಳಿ ಬಟ್ಟೆಯ ಥಾನಿಗೆ ಕೈ ಹಾಕಿದೆ.

“ಬಿಲ್ ಹಾಕು ಕಣ್ಲಾ,” ಎಂದರು ಗಾದಿಯ ಮೇಲಿದ್ದ ಸಾಹುಕಾರರು. “ಅವ್ನು ಕೆಲ್ಸ ಬುಟ್ಟೋನು.”

ಬಿಡಿಸಿದವರ ಬಾಯಲ್ಲಿ ಈ ಮಾತು ಕೇಳಿ ನನ್ನ ಮೈ ಉರಿಯಿತು. ಆ ಹಾಳೆಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ತಳ್ಳಿ, ಬಿಲ್ಲಿನ ಪುಸ್ತಕವನ್ನು ತಾವೇ ಎಳೆದುಕೊಂಡರು. ಆರ್ಡರು ನಂಬರಿನ ಜಾಗಕ್ಕೆ ಬಂದಾಗ ಪೆನ್ಸಿಲು ನಿಂತಿತು.

“ಯಾರ್ಲಾ ಇದ ಕೇಳ್ದೋರು?” ಎಂದು ಬಾಗಿಲ ಕಡೆಗೆ ಗದರಿದರು.

“ಯಾರೂ ಕೇಳಿರ್ನಿಲ್ಲ ಸಾವ್ಕಾರ್ರೆ,” ಎಂದ ಅವನು. “ನಮ್ಮಣ್ಣ ಸತ್ತೋದ.”