ಬೇಡಪ್ಪನವರ ಇಮೇಲ್

ಅರಸರು ಮಾರುವೇಷದಲ್ಲಿ ಊರು ಸುತ್ತಿ ಪ್ರಜೆಗಳ ಮನಸ್ಸು ತಿಳಿಯುತ್ತಿದ್ದರಂತೆ. ನಮ್ಮ ಹೋಟೆಲಿನ ಬುಕಿಂಗ್ ಗುಮಾಸ್ತರು ಅವರನ್ನೂ ಮೀರಿಸಿದವರು. ಇಮೇಲ್ ಕಳಿಸುವ ಮುನ್ನ ಖಾಲಿ ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು, ಲಾಬಿಯ ಸೋಫಾದಲ್ಲಿ ಅತಿಥಿಯಂತೆ ಕೂತು, ತಾವು ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಿ, ಗಂಭೀರವಾಗಿ "ಬೇಡ" ಎನ್ನುತ್ತಿದ್ದರು. ಹಾಗೆನ್ನಲು ಒಂದಿಷ್ಟಾದರೂ ಮುಜುಗರವಾಯಿತೋ, ಆ ಇಮೇಲಿಗೆ ಮರಣದಂಡನೆ; ಸಲೀಸಾಗಿ ಬೇಡವೆನ್ನಲು ಬಂದರಷ್ಟೇ ಅದು ಅತಿಥಿಗೆ ಹೋಗುತ್ತಿತ್ತು. ಹೀಗೆ ಅವರಿಗೆ ಬೇಡಪ್ಪ ಎಂಬ ಬಿರುದು ಬಂತು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

ಕೋಣೆ ಕಾದಿರಿಸಿದವರಿಗೆ, ಬರುವ ಕೆಲವು ದಿನ ಮೊದಲು, ಇನ್ನೂ ದೊಡ್ಡ ಕೋಣೆ ಬೇಕೇ ಎಂದು ಕೇಳುವ ಇಮೇಲ್ ಅದು. ಏನು ಹೆಚ್ಚು ಸಿಗುತ್ತದೆ, ತೆರಿಗೆ ಸೇರಿ ಎಷ್ಟು ಹೆಚ್ಚಾಗುತ್ತದೆ, ಉತ್ತರಿಸದಿದ್ದರೆ ನಿಮ್ಮ ಕೋಣೆ ನಿಮಗೇ ಇರುತ್ತದೆ. ಬೇಡಪ್ಪನವರು ಬರೆಯುತ್ತಿದ್ದುದು ಇಷ್ಟೇ.

ಹೊಸ ಮ್ಯಾನೇಜರರಿಗೆ ಇದು ಸಪ್ಪೆಯೆನಿಸಿತು. ಈ ವಾರ ಒಬ್ಬರಾದರೂ ಒಪ್ಪದಿದ್ದರೆ ಆ ಕೆಲಸ ಹೊರಗಿನ ಕಂಪನಿಗೆ, ಬೇಡಪ್ಪ ಮನೆಗೆ ಎಂದುಬಿಟ್ಟರು. ವಾರವೆಲ್ಲ ಯಾರೂ ಒಪ್ಪಲಿಲ್ಲ. ಕೊನೆಗೆ ಉಳಿದವರು ಒಬ್ಬ ಮುದುಕರು. ಕೆರೆ ಕಾಣುವ ದೊಡ್ಡ ಕೋಣೆ ಅವರಿಗಾಗಿ ಖಾಲಿಯಿತ್ತು. ಆದರೆ ಅವರ ಬುಕಿಂಗಿನಲ್ಲಿ ಒಂದು ಮಾತಿತ್ತು: ಹೆಂಡತಿಗೆ ಮಂಡಿಯ ಆಪರೇಷನ್ ಆಗಿದೆ, ಲಿಫ್ಟಿನ ಪಕ್ಕದ ಕೋಣೆ ಕೊಡಿ.

ಬೇಡಪ್ಪನವರು ಕೆರೆಯನ್ನು ಚೆನ್ನಾಗಿಯೇ ವರ್ಣಿಸಿದರು. ಕೆಳಗೆ ಸೇರಿಸಿದರು: "ಈ ಕೋಣೆ ಲಿಫ್ಟಿನಿಂದ ದೂರ, ಕಾರಿಡಾರಿನ ತುದಿಯಲ್ಲಿದೆ."

ಮ್ಯಾನೇಜರರು ಬೆನ್ನ ಹಿಂದೆ ನಿಂತು ಓದಿದರು. "ಆ ಸಾಲು ತೆಗೀರಿ. ಇದೊಂದೇ ಕೋಣೆ ಉಳಿದಿದೆ, ಬೇಗ ತಗೊಳ್ಳಿ ಅಂತ ಹಾಕಿ."

"ಇನ್ನೂ ಆರು ಖಾಲಿ ಇವೆಯಲ್ಲ ಸಾರ್."

"ಅವ್ರು ಬಂದು ಎಣಿಸ್ತಾರೇನ್ರಿ?"

ಬೇಡಪ್ಪನವರು ಸೂಟ್‌ಕೇಸ್ ಎತ್ತಿಕೊಂಡು ಲಾಬಿಗೆ ನಡೆದರು. ಓದಿದರು, "ಬೇಡ" ಎಂದರು, ಮುಜುಗರವೇನೂ ಆಗಲಿಲ್ಲ, ವಾಪಸು ಬಂದು ಒಂದಕ್ಷರವೂ ಬದಲಿಸದೆ ಕಳಿಸಿದರು.

ಸಂಜೆ ಮುದುಕರ ಉತ್ತರ ಬಂತು. ದೂರ ಅಂತ ಹೇಳಿದ್ದು ಒಳ್ಳೇದಾಯಿತು, ನಮಗೆ ಲಿಫ್ಟಿನ ಪಕ್ಕದ್ದೇ ಇರಲಿ. ಜೊತೆಗೆ ಧಾರಾಳವಾಗಿ ಆಶೀರ್ವಾದ. ಆಶೀರ್ವಾದವನ್ನು ಬಾಡಿಗೆಯ ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮ ಹೋಟೆಲಿನಲ್ಲಿರಲಿಲ್ಲ.

ಮರುದಿನ ಬೇಡಪ್ಪನವರು ಮೇಜು ಖಾಲಿ ಮಾಡುತ್ತಿದ್ದರು. ಈ ವಯಸ್ಸಿನಲ್ಲಿ ಇನ್ಯಾರೂ ಕೆಲಸ ಕೊಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಹೇಗೆ ಹೇಳುವುದೋ ತಿಳಿಯದೆ ಅವರು ಡ್ರಾಯರನ್ನು ಎರಡೆರಡು ಸಲ ತೆಗೆದು ಮುಚ್ಚಿದರು. ರಿಸೆಪ್ಷನ್ನಿನ ಹುಡುಗಿಗೆ ತಡೆಯಲಾಗಲಿಲ್ಲ.

"ಅಂಕಲ್, ಸತ್ಯಕ್ಕೋಸ್ಕರ ಅನ್ನ ಬಿಟ್ಟೋರು ಅಂದ್ರೆ ನೀವೇ. ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತು? ಆ ಸಾಲು ಯಾಕೆ ಬಿಡಲಿಲ್ಲ?"

ಅವರು ಕನ್ನಡಕ ಒರೆಸಿ ಹಾಕಿಕೊಂಡರು.

"ದೂರ ಇದೆಯಲ್ಲಮ್ಮ, ಅದಕ್ಕೆ."