ಅಧ್ಯಕ್ಷರ ನುಡಿಯ ಕನ್ನಡ

ಮೇಲಿಂದ ಮೇಲೆ ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಇದ್ದದ್ದು ಬೀದರಿನಲ್ಲಿ. ಕಾಲೇಜಿನ ಕೆಲಸದ ಜೊತೆಗೆ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರದ ಒಂದು ಮುದ್ರಣಾಲಯಕ್ಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತಿದ್ದೆ. ಹೆಚ್ಚಾಗಿ ನೋಟೀಸು, ಕರಪತ್ರ, ಬೀಜದ ಚೀಲದ ಮೇಲಿನ ಸೂಚನೆ. ಒಮ್ಮೆ ಒಂದು ಸಕ್ಕರೆ ಕಾರ್ಖಾನೆಯ ವಾರ್ಷಿಕ ವರದಿ ಬಂತು.

ರೈತರೇ ಷೇರುದಾರರಾಗಿದ್ದ ಕಂಪನಿ ಅದು. ವರದಿಯನ್ನು ಹೈದರಾಬಾದಿನಲ್ಲಿ ಇಂಗ್ಲಿಷಿನಲ್ಲಿ ತಯಾರಿಸಿದ್ದರು. ವಾರ್ಷಿಕ ಸಭೆಯ ನೋಟೀಸಿನ ಜೊತೆ ಅದು ಹಳ್ಳಿ ಹಳ್ಳಿಯ ಸದಸ್ಯರಿಗೆ ಕನ್ನಡದಲ್ಲಿ ತಲುಪಬೇಕಿತ್ತು. ಲೆಕ್ಕದ ಪುಟಗಳನ್ನು ಬೇರೆಯವರು ಮಾಡಿ ಮುಗಿಸಿದ್ದರು. ನನ್ನ ಪಾಲಿಗೆ ಬಂದದ್ದು ಮೊದಲಲ್ಲಿ ಬರುವ ಅಧ್ಯಕ್ಷರ ನುಡಿ. ಮುದ್ರಣಾಲಯದ ಮಾಲೀಕರು ಕೊಡುವಾಗಲೇ ಕಂಪನಿಯವರ ಸೂಚನೆ ಹೇಳಿದರು: “ಧೈರ್ಯ ಕಾಣ್ಬೇಕಂತ್ರಿ ಮೇಡಂ. ಆದ್ರ ಮಾತು ಕೊಟ್ಟಂಗ ಇರಬಾರ್ದಂತ.”

ಎರಡು ಪುಟ. ಕಳೆದ ವರ್ಷದ ಬರ, ಒಣಗಿದ ಬೆಳೆ, ಸದಸ್ಯರ ತಾಳ್ಮೆಗೆ ಕೃತಜ್ಞತೆ ಎಲ್ಲವೂ ಸರಾಗವಾಗಿ ಬಂದವು. ಒಂದು ವಾಕ್ಯದಲ್ಲಿ ಸಿಕ್ಕಿಬಿದ್ದೆ. ಕಬ್ಬು ಸಿಗುವುದಕ್ಕೆ ಒಳಪಟ್ಟು, ಬರುವ ಹಂಗಾಮಿನಲ್ಲಿ ಕಬ್ಬು ನುರಿಸಲು ಆರಂಭಿಸುವ ಬಗ್ಗೆ ಕಂಪನಿಯ ಆಡಳಿತ ಮಂಡಳಿಗೆ ‘ಕಾನ್ಫಿಡೆನ್ಸ್’ ಇದೆ ಎಂದು ಅದರ ಅರ್ಥ. ‘ಭರವಸೆ’ ಎಂದು ಬರೆದೆ. ಓದಿ ನೋಡಿದೆ. ನಮ್ಮ ಕಡೆ ಯಾರಾದರೂ ಭರವಸೆ ಎಂದರೆ ಜನ ಅದನ್ನು ಆಸೆ ಎಂದು ಕೇಳುವುದಿಲ್ಲ, ಕೊಟ್ಟ ಮಾತು ಎಂದು ಕೇಳುತ್ತಾರೆ. ಅಳಿಸಿ ‘ಆರಂಭವಾಗಬಹುದು’ ಎಂದು ಬರೆದೆ. ಆಗ ಅಧ್ಯಕ್ಷರಿಗೇ ನಂಬಿಕೆ ಇಲ್ಲದಂತೆ ಕಂಡಿತು. ಇಂಗ್ಲಿಷಿನಲ್ಲಿ ಧೈರ್ಯವನ್ನು ಮೊದಲು ಹೇಳಿ ಷರತ್ತನ್ನು ನಡುವೆ ತೂರಿಸಿದ್ದರು. ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವೇ ಕಿವಿಯಲ್ಲಿ ಉಳಿಯುತ್ತದೆ. ‘ಆರಂಭಿಸುತ್ತೇವೆ’ ಎಂದು ಮುಗಿಸಿದರೆ ಅದರ ಹಿಂದಿನ ‘ಕಬ್ಬು ಸಿಕ್ಕರೆ’ ಯಾರಿಗೂ ನೆನಪಿರುವುದಿಲ್ಲ.

ಪದಗಳ ಕಷ್ಟವಷ್ಟೇ ಆಗಿದ್ದರೆ ನಾನು ಅಷ್ಟು ಒದ್ದಾಡುತ್ತಿರಲಿಲ್ಲ. ನನ್ನ ತಮ್ಮ ಅದೇ ಕಾರ್ಖಾನೆಯ ಬಾಯ್ಲರ್‌ನಲ್ಲಿ ಹಂಗಾಮಿ ಕೆಲಸಗಾರ. ಹೆಂಡತಿ, ಮಗಳ ಜೊತೆ ಭಾಲ್ಕಿ ಕಡೆಯ ಹಲಬರ್ಗಾ ಹಳ್ಳಿಯಲ್ಲಿದ್ದ. ಹಿಂದಿನ ವರ್ಷ ಕಾರ್ಖಾನೆ ಶುರುವಾಗುತ್ತದೆಂದು ಕಾದು ಕುಳಿತ. ಅದು ಶುರುವಾಗಲಿಲ್ಲ. ಹೈದರಾಬಾದಿಗೆ ತಡವಾಗಿ ಹೋಗಿ, ಕಟ್ಟಡದ ಕೆಲಸಗಳಿಗೆಲ್ಲ ಬೇರೆಯವರು ಸೇರಿಬಿಟ್ಟಿದ್ದರಿಂದ ವಾಪಸು ಬಂದಿದ್ದ. ಆ ಬೇಸಿಗೆಯನ್ನು ಅವರು ಹೇಗೆ ಕಳೆದರೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಅನುವಾದ ನನ್ನ ಬಳಿ ಇರುವಾಗಲೇ ಅವನು ಬೀದರಿಗೆ ಬಂದ.

“ಅಕ್ಕಾ, ಕಾರ್ಖಾನಿ ಕಾಗದ ನಿನ್ನ ಕಡಿ ಬಂದದಂತ. ಸುರು ಆಗ್ತದೋ ಇಲ್ಲೋ?”

“ಅದು ಇನ್ನಾ ಹೊರಗ ಬಂದಿಲ್ಲ. ನಾ ಹೇಳಂಗಿಲ್ಲ.”

“ನಾ ಯಾರಿಗೂ ಅನ್ನಂಗಿಲ್ಲ.”

“ಅದರಾಗ ಸುರು ಆಗ್ತದಂತನೂ ಇಲ್ಲ, ಆಗಂಗಿಲ್ಲಂತನೂ ಇಲ್ಲ. ನನಗೇ ತಿಳಿವಲ್ದು.”

ಅವನು ನಂಬಲಿಲ್ಲ. “ಓದ್ದವ್ರಿಗಿ ತಿಳಿಲಿಲ್ಲಂದ್ರ ನಮಗ್ಯಾರು ಹೇಳ್ತಾರ?” ಅಂದ. ಚಹಾ ಕುಡಿಯದೆ ಎದ್ದು ಹೋದ. ಅವನ ಹಿಂದೆ ಓಡಿಹೋಗಿ ಏನಾದರೂ ಹೇಳಬೇಕೆನ್ನಿಸಿತು. ಹೇಳಲು ನಿಜವಾಗಿಯೂ ಏನೂ ಇರಲಿಲ್ಲ.

ಮರುದಿನ ಔರಾದಿನ ಬಸ್ಸು ಹತ್ತಿದೆ. ಅಧ್ಯಕ್ಷರ ಮನೆ ಅಲ್ಲಿತ್ತು. ದಾರಿಯುದ್ದಕ್ಕೂ ತೊಗರಿ ಮೊಣಕಾಲಿನಷ್ಟೂ ಎದ್ದಿರಲಿಲ್ಲ. ಅಧ್ಯಕ್ಷರು ವಯಸ್ಸಾದ ರೈತ, ಹಣೆಯ ತುಂಬ ವಿಭೂತಿ. ನನ್ನ ಎರಡು ಕರಡುಗಳನ್ನೂ ಓದಿಸಿ ಕೇಳಿದರು.

“ಸಾಹೇಬ್ರೆ, ನಿಮ್ಮ ಮನಸಿನ್ಯಾಗ ಖರೇ ಏನದಂತ ತಿಳೀದೇ ನನಗ ಬರೀಲಿಕ್ಕಿ ಆಗವಲ್ದ್ರಿ,” ಅಂದೆ.

“ಸುರು ಆಗಂಗಿಲ್ಲಂತ ನಾ ಬರದ್ನಂದ್ರ ಏನಾಗ್ತದ ಗೊತ್ತದೇನವ್ವ? ನಾಳಿನೇ ಮಂದಿ ಇದ್ದಷ್ಟು ಕಬ್ಬು ಕಡದು ದನಕ್ಕ ಹಾಕ್ತಾರ. ಹಾಕ್ಲಿ, ಅವರ ತಪ್ಪಲ್ಲ. ಆದ್ರ ಆಮ್ಯಾಲ ಮಳಿ ಬಂದ್ರೂ ಕಾರ್ಖಾನಿಗಿ ಕಬ್ಬಿಲ್ಲ.”

“ಸುರು ಆಗ್ತದಂತ ಬರದ್ರ?”

“ಕೂಲಿ ಮಂದಿ ಕಾಯ್ಕೋತ ಕೂಡ್ತಾರ.”

“ಹೋದ ವರ್ಷ ಕುಂತಾರ್ರಿ. ಅದರಾಗ ನನ್ನ ತಮ್ಮನೂ ಒಬ್ಬ.”

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಮಂಡಳಿಗೆ ನಿಜವಾಗಿ ಗೊತ್ತಿದ್ದುದನ್ನು ಆಮೇಲೆ ಒಂದೊಂದಾಗಿ ಹೇಳಿದರು. ಯಂತ್ರಗಳ ದುರಸ್ತಿ ಮುಗಿದಿತ್ತು. ಅದು ಅವರ ಧೈರ್ಯ. ಹೊಲಗಳಲ್ಲಿ ಎಷ್ಟು ಕಬ್ಬು ಉಳಿದಿದೆ ಎಂಬ ಸಮೀಕ್ಷೆ ಮುಗಿದಿರಲಿಲ್ಲ. ಅದು ಅವರ ಭಯ. ಸಮೀಕ್ಷೆ ದಸರೆಯೊಳಗೆ ಕೈಸೇರುತ್ತದೆ, ತೀರ್ಮಾನ ಅದು ಬಂದ ಕೂಡಲೇ. ಇದು ಯಾವುದೂ ಇಂಗ್ಲಿಷಿನ ಆ ವಾಕ್ಯದಲ್ಲಿ ಇರಲಿಲ್ಲ.

“ಇದನ್ನೇ ಬರೀಬಹುದಲ್ರಿ,” ಅಂದೆ. “ಆದ್ರ ಇಂಗ್ಲಿಷಿನ್ಯಾಗ ಇಲ್ದಿದ್ದು ನಾ ಕನ್ನಡದಾಗ ಸೇರ್ಸಂಗಿಲ್ಲ. ಮೊದ್ಲು ಅದು ತಿದ್ದಬೇಕಾಗ್ತದ.”

ಅಧ್ಯಕ್ಷರು ಅಲ್ಲಿಂದಲೇ ಹೈದರಾಬಾದಿನಲ್ಲಿದ್ದ ಕಂಪನಿ ಕಾರ್ಯದರ್ಶಿಗೆ ಫೋನು ಮಾಡಿದರು. ಆತ ಒಪ್ಪಲಿಲ್ಲ. ವರದಿಯ ಹಿಂದಿನ ಪುಟಗಳಲ್ಲಿ ಲೆಕ್ಕಪರಿಶೋಧಕರು ಕಂಪನಿ ಮುಂದೆ ನಡೆಯುವುದರ ಬಗ್ಗೆಯೇ ಅನುಮಾನ ಬರೆದಿದ್ದಾರೆ, ಮುಂದಿನ ಪುಟದಲ್ಲಿ ಅಧ್ಯಕ್ಷರು ಗಡುವು ಹೇಳಿದರೆ ಅದೇ ಕೊರಳಿಗೆ ಉರುಳಾಗುತ್ತದೆ ಎಂದ. ನಾನು ಫೋನು ತೆಗೆದುಕೊಂಡು ಹೇಳಿದೆ: ಕಾರ್ಖಾನೆ ಶುರುವಾಗುವುದಕ್ಕಲ್ಲ ಗಡುವು, ಸುದ್ದಿ ತಿಳಿಸುವುದಕ್ಕೆ ಮಾತ್ರ. ಪರಿಶೋಧಕರನ್ನು ಕೇಳಿ ಹೇಳುತ್ತೇನೆ ಎಂದು ಆತ ಫೋನಿಟ್ಟ. ಊಟದ ಹೊತ್ತು ಮೀರಿತು. ಬೀದರಿನ ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ಒಪ್ಪಿಗೆ ಬಂತು. ನಾನು ಅಧ್ಯಕ್ಷರ ಪಡಸಾಲೆಯಲ್ಲೇ ಕುಳಿತು ಬರೆದೆ:

‘ಯಂತ್ರಗಳು ಸಿದ್ಧವಾಗಿವೆ. ಸಾಕಷ್ಟು ಕಬ್ಬು ಸಿಕ್ಕರೆ ಮಾತ್ರ ಈ ಹಂಗಾಮಿನಲ್ಲಿ ಕಬ್ಬು ನುರಿಸಲು ಸಾಧ್ಯ. ಸಿಗುತ್ತದೆಂಬ ನಂಬಿಕೆ ಮಂಡಳಿಗಿದೆ. ಖಚಿತವಾಗಿ ಹೇಳುವ ಸ್ಥಿತಿ ಇಂದು ಇಲ್ಲ. ಸಮೀಕ್ಷೆಯ ಫಲವನ್ನೂ ನಮ್ಮ ತೀರ್ಮಾನವನ್ನೂ ದಸರೆಯೊಳಗೆ ತಿಳಿಸುತ್ತೇವೆ.’

ನಾಲ್ಕನೆಯ ವಾಕ್ಯವನ್ನು ಅಧ್ಯಕ್ಷರು ಎರಡು ಸಲ ಓದಿಸಿದರು. “ಇದು ಹೇಳ್ಲಿಕ್ಕಿ ನಾಚಿಕಿ ಬರ್ತದ,” ಅಂದರು. ತೆಗೆಯಲು ಹೇಳಲಿಲ್ಲ.

ವರದಿ ಅಚ್ಚಾಗಿ ಹಳ್ಳಿಗಳಿಗೆ ಹೋಯಿತು. ಹಲಬರ್ಗಾದಲ್ಲಿ ಷೇರುದಾರರೊಬ್ಬರ ಕಟ್ಟೆಯ ಮೇಲೆ ತಮ್ಮ ಅದನ್ನು ಓದಿದನಂತೆ. ಎರಡು ದಿನ ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಗಂಟುಮೂಟೆ ಸಮೇತ ನನ್ನ ಬಾಗಿಲಿಗೆ ಬಂದ.

“ದಸರಾ ತನಕ ಕಾಯ್ಬಾರ್ದೇನೋ?” ಅಂದೆ.

“ಖಚಿತ ಇಲ್ಲಂತ ಅವರೇ ಅಂದಾರಲ್ಲಕ್ಕ. ಈಗ ಹೋದ್ರ ಕೆಲಸರೆ ಸಿಗ್ತದ.” ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿದ. “ಇಕೀನ ಸಾಲಿ ಬಿಡಸ್ಬಾರ್ದು. ನಿನ್ನ ಕಡಿ ಇರಲಿ.”

ಬಸ್‌ಸ್ಟ್ಯಾಂಡಿನವರೆಗೂ ಹೋದೆವು. ಔರಾದ, ಭಾಲ್ಕಿ ಕಡೆಯ ಜನವೇ ಹೈದರಾಬಾದ್ ಬಸ್ಸಿನ ತುಂಬ ಇದ್ದರು, ಮಡಿಲಲ್ಲಿ ಪಾತ್ರೆ, ಹಾಸಿಗೆ ಸುರುಳಿ. ಅವರಲ್ಲಿ ಎಷ್ಟು ಜನ ನನ್ನ ವಾಕ್ಯ ಓದಿ ಹೊರಟಿದ್ದರೋ, ಎಷ್ಟು ಜನ ಸುಮ್ಮನೆ ಹಸಿವಿಗೆ ಹೊರಟಿದ್ದರೋ ತಿಳಿಯದು. ತಮ್ಮ, ಅವನ ಹೆಂಡತಿ ಹತ್ತಿದ ಬಸ್ಸು ಹೊರಟಾಗ ಅವರ ಮಗಳು ನನ್ನ ಕೈ ಬಿಡಲಿಲ್ಲ, ಅಳಲೂ ಇಲ್ಲ. ಇನ್ನೂ ಸ್ವಲ್ಪ ಧೈರ್ಯ ತುಂಬಿ ಬರೆದಿದ್ದರೆ ಅವರು ಇರುತ್ತಿದ್ದರು ಎಂದು ಮನಸ್ಸು ಒಂದು ಕಡೆ ಹೇಳಿತು. ಇದ್ದು ಏನು ತಿನ್ನುತ್ತಿದ್ದರು ಎಂದು ಇನ್ನೊಂದು ಕಡೆ.

ದಸರೆಗೆ ಮೊದಲೇ ಅಧ್ಯಕ್ಷರು ತಿಳಿಸಿದರು. ಕಬ್ಬು ಸಾಲದು, ಈ ವರ್ಷ ಕಾರ್ಖಾನೆ ಶುರುವಾಗುವುದಿಲ್ಲ. ಆ ನೋಟೀಸನ್ನು ಕನ್ನಡದಲ್ಲಿ ಅವರೇ ಬರೆದಿದ್ದರು, ಅನುವಾದ ಬೇಕಾಗಲಿಲ್ಲ. ಮುಂದೆ ಕಾರ್ಖಾನೆಯನ್ನು ಬೇರೆಯವರು ಗುತ್ತಿಗೆಗೆ ಪಡೆದು ನಡೆಸಿದರು. ತಮ್ಮ ತಿರುಗಿ ಬಾಯ್ಲರ್ ಕೆಲಸಕ್ಕೆ ಬರಲಿಲ್ಲ. ಹುಡುಗಿ ಆ ವರ್ಷವೆಲ್ಲ ನನ್ನ ಜೊತೆ ಇದ್ದಳು. ಶಾಲೆಯಿಂದ ಬಂದವಳು ಮೊದಲು ನನ್ನ ಮೊಬೈಲ್ ತೆಗೆದು ನೋಡುತ್ತಿದ್ದಳು. ಅಪ್ಪನ ಫೋನು ಬಂದಿರದಿದ್ದರೆ ಅದನ್ನು ಮೆತ್ತಗೆ ಇಟ್ಟು, ನೀರಿನ ಟ್ಯಾಂಕರ್ ಬಂತೇನು ಎಂದು ಕೇಳಿ, ಕೊಡ ತೆಗೆದುಕೊಂಡು ಹೊರಗೆ ಹೋಗುತ್ತಿದ್ದಳು.