ಕಪ್ಪೆಗಾಲಿನ ಕೂಸು

ಮಗಳು ಹುಟ್ಟಿದಾಗ ಹಾನಗಲ್ಲಿನ ಮಕ್ಕಳ ಡಾಕ್ಟರು ಅವಳ ತೊಡೆಗಳನ್ನು ಅಗಲಿಸಿ ನೋಡಿ, ಎಡಸೊಂಟದ ಕೀಲು ತುಸು ಸಡಿಲ ಇದೆ ಎಂದಿದ್ದರು. ಬಹಳ ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ, ಆದರೆ ಕಾಲು ನೆಟ್ಟಗೆ ಮಾಡಿ ಕಟ್ಟಬಾರದು, ಎತ್ತಿಕೊಂಡಾಗ ಕಪ್ಪೆಯ ಹಾಗೆ ಮಡಚಿ ಅಗಲವಾಗಿರಲಿ ಎಂದಿದ್ದರು.

ತಿಳವಳ್ಳಿಯ ನಮ್ಮ ಮನೆಯಲ್ಲಿ ಈ ಮಾತು ನಡೆಯುವುದಾದರೂ ಹೇಗೆ? ಎಣ್ಣೆ ಹಚ್ಚಿ ಎರೆದ ಮೇಲೆ ಕೂಸಿನ ಎರಡೂ ಕಾಲು ಜೋಡಿಸಿ ಹಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತದಿದ್ದರೆ ಅತ್ತೆಗೆ ಎರೆದಂತೆಯೇ ಅಲ್ಲ.

ಅಷ್ಟರಲ್ಲಿ ಗಂಡ ಹುಬ್ಬಳ್ಳಿಯಿಂದ ಕೂಸು ಹೊರುವ ಚೀಲ ತಂದ. ಕೂಡುವ ಜಾಗ ಅಂಗೈಯಷ್ಟು ಸಣ್ಣದು. ಕೂಸು ಹೊರಗೆ ಮುಖ ಮಾಡಿ, ಕಾಲು ಜೋತು ಬಿಟ್ಟುಕೊಂಡು ನೇತಾಡುತ್ತಿತ್ತು. "ನೋಡ, ಕಾಲು ಎಷ್ಟ ನೆಟ್ಟಗ ನಿಂತಾವು!" ಎಂದು ಅತ್ತೆ ಹಿಗ್ಗಿದರು. ನನಗೆ ಮೈ ಉರಿಯಿತು. ನಾನೇ ಹೋಗಿ ಬೇರೆಯದು ಆರಿಸಿ ತಂದೆ. ಅದರ ತಳ ಒಂದು ಮೊಣಕಾಲಿನಿಂದ ಇನ್ನೊಂದರವರೆಗೆ ಅಗಲ, ಮೊಣಕಾಲು ಕುಂಡಿಗಿಂತ ಮೇಲೆ. ಮುಖ ನನ್ನ ಎದೆಗೆ, ಬೆನ್ನು ಸಹಜವಾಗಿ ತುಸು ಬಾಗಿ, ಕತ್ತಿಗೆ ಆಸರೆ. ತಲೆಗೆ ಮುತ್ತಿಡುವಷ್ಟು ಎತ್ತರದಲ್ಲಿ ಅವಳು, ಮೂಗುಬಾಯಿ ಕಣ್ಣಿಗೆ ಕಾಣುವಂತೆ.

ರಜೆ ಮುಗಿಯಿತು. ನಾನು ಹಾನಗಲ್ಲಿನ ಖಾಸಗಿ ಶಾಲೆಯ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಕೂಸು ಅತ್ತೆಯ ಕೈಯಲ್ಲಿ. ಸಂಜೆ ಬಂದರೆ ನಾನು ತಂದ ಚೀಲ ಗೂಟದಲ್ಲಿ, ಕೂಸು ಗಂಡ ತಂದ ಅದೇ ಹಳೆಯದರಲ್ಲಿ. ಒಮ್ಮೆ ನಿದ್ದೆ ಹೋಗಿ ಗದ್ದ ತನ್ನ ಎದೆಗೇ ಒತ್ತಿ ಗೊರಗೊರ ಅನ್ನುತ್ತಿತ್ತು. ಓಡಿಹೋಗಿ ಹೊರಗೆ ತೆಗೆದು, ತಲೆ ನೆಟ್ಟಗೆ ಹಿಡಿದೆ. ಉಸಿರು ಸರಿಯಾಯಿತು.

"ಹೀಂಗ ಮಾಡಿದ್ರ ನನ್ನ ಮಗಳು ಉಳಿತಾಳೇನ್ರಿ ಅತ್ತೀ?" ಎಂದು ಕೂಗಾಡಿದೆ.

ಅತ್ತೆ ಸಿಟ್ಟಾಗಲಿಲ್ಲ. ತಮ್ಮ ಎಡತೊಡೆ ಸವರಿಕೊಂಡರು. ಅವರು ಚಿಕ್ಕಂದಿನಿಂದಲೂ ಕುಂಟುತ್ತಾರೆ.

"ನಮ್ಮವ್ವ ಹೊಲಕ್ಕ ಹೋಗಾಕಂತ ಸೀರಿ ಸುತ್ತಿದ್ದ ನನ್ನ ಕಾಲು ಲಗೂನ ಬಿಚ್ಚಿದ್ಳಂತ. ಅದಕ್ಕ ಹಿಂಗಾತು. ಇಕಿಗೂ ಹಂಗಾಗೂದು ಬ್ಯಾಡ ಯವ್ವಾ, ಹೆಣ್ಣುಕೂಸು."

ಹಳೆಯ ಚೀಲವನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ, ಸೀರೆಯನ್ನು ಎಲ್ಲಿ ಅಂತ ಬಚ್ಚಿಡಲಿ?

ಮಗಳ ಸೊಂಟದ ಕೀಲಿನ ಸ್ಕ್ಯಾನಿಗೆಂದು ಹುಬ್ಬಳ್ಳಿಗೆ ಹೋದಾಗ ಅತ್ತೆಯೂ ಬಂದರು. ಕೀಲು ಸರಿಯಾಗಿರಲಿಲ್ಲ. ಸುತ್ತಿದ್ದರಿಂದಲೇ ಹೀಗಾಯಿತೆಂದು ಹೇಳಲಾಗದು, ಆದರೆ ಇನ್ನು ಸುತ್ತಲೇಬೇಡಿ ಎಂದ ಮೂಳೆ ಡಾಕ್ಟರು, ಮಗಳ ಎರಡೂ ಕಾಲು ಮಡಚಿ, ಅಗಲಿಸಿ, ಭುಜದಿಂದ ಪಾದಕ್ಕೆ ಪಟ್ಟಿ ಕಟ್ಟಿದರು. ಕೆಲವು ವಾರ ಹೀಗೇ ಇರಬೇಕು, ಕೀಲು ಕೂತುಕೊಳ್ಳುವ ಭರವಸೆ ಇದೆ ಎಂದರು.

ಅತ್ತೆ ಮಂಚದ ಅಂಚು ಹಿಡಿದು ಆ ಕಪ್ಪೆಗಾಲನ್ನೇ ನೋಡುತ್ತಿದ್ದರು.

"ಡಾಕ್ಟರ್ರ," ಎಂದರು ಕೊನೆಗೆ, "ನನಗೂ ಕೂಸಿದ್ದಾಗ ಹಿಂಗ ಕಟ್ಟಿದ್ರ ಸರಿ ಆಗ್ತಿತ್ತೇನ್ರಿ?"

ಡಾಕ್ಟರು ಪಟ್ಟಿಯ ಬಕಲ್ ಸರಿಮಾಡುತ್ತಲೇ ಇದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡೆ.